ಕಾಯಿಲ್ ಲೈಟ್ ಸುಳ್ಳು ಹೇಳಿದ ಚಳಿಗಾಲ

ನನ್ನ ಗಾಡಿ ಚಾಲೂ ಆಗದಿದ್ದರೆ ಊರಿನ ಅರ್ಧ ಜನಕ್ಕೆ ಒಳಗೊಳಗೇ ಖುಷಿ ಎನ್ನುವುದು ಆ ಡಿಸೆಂಬರಿನಲ್ಲಿ ನನಗೆ ಗೊತ್ತಾಯಿತು. ಬೆಳಿಗ್ಗೆ ಏಳಕ್ಕೆ ನಾನು ಚಾವಿ ತಿರುಗಿಸುವ ಹೊತ್ತಿಗೆ ಸರಿಯಾಗಿ ಹೋಟೆಲಿನ ಬೆಂಚಿನ ಮೇಲೆ ಆರೇಳು ಗಂಡಸರು ಕೂತಿರುತ್ತಿದ್ದರು. ಕೈಯಲ್ಲಿ ಚಹಾದ ಕಪ್ಪು, ತಲೆಗೆ ಮಫ್ಲರ್, ಕಣ್ಣು ನನ್ನ ಬಾನೆಟ್ಟಿನ ಮೇಲೆ. ಸ್ಟಾರ್ಟರ್ ಗರಗರ ಎಂದು ತಿರುಗಿ ಸುಮ್ಮನಾದಾಗ ಯಾರಾದರೂ ಒಬ್ಬರು ಕೆಮ್ಮುತ್ತಿದ್ದರು. ಅದು ಚಳಿಯ ಕೆಮ್ಮಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ನಮ್ಮೂರು ಅಫಜಲಪುರ ತಾಲ್ಲೂಕಿನದು. ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಹಗಲೂ ರಾತ್ರಿ ನಮ್ಮ ರಸ್ತೆಯ ಮೇಲೆಯೇ ಹಾಯುತ್ತವೆ. ಊರಿನಲ್ಲಿ ಶಾಲೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಒಂಬತ್ತು, ಹತ್ತು ಓದಬೇಕಾದರೆ ಅಫಜಲಪುರಕ್ಕೆ ಹೋಗಬೇಕು. ಗಂಡುಹುಡುಗರು ಕಬ್ಬಿನ ಟ್ರ್ಯಾಲಿ, ಯಾರದೋ ಬೈಕು, ಏನು ಸಿಕ್ಕರೆ ಅದನ್ನು ಹತ್ತಿ ಹೋಗುತ್ತಾರೆ. ಹುಡುಗಿಯರು ಮನೆಯಲ್ಲಿ ಕೂರುತ್ತಿದ್ದರು. ನಾನು ಸ್ಟೇರಿಂಗ್ ಹಿಡಿದ ಮೇಲೆ ಅವರು ಹೋಗತೊಡಗಿದರು. ಹನ್ನೊಂದು ಜನ.

ಗಾಡಿ ನನ್ನ ಗಂಡನದು. ಹನ್ನೆರಡು ಸೀಟಿನ ಹಳೆಯ ಡೀಸೆಲ್ ಕ್ರೂಸರ್. ಇಪ್ಪತ್ತು ವರ್ಷ ಅವರೇ ಓಡಿಸಿದರು, ಗಾಣಗಾಪುರಕ್ಕೆ ಬರುವ ಭಕ್ತರನ್ನು ಹೊತ್ತರು, ಮದುವೆಯ ದಿಬ್ಬಣಗಳನ್ನು ಹೊತ್ತರು. ಆಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಎದುರಿಗೆ ನಿಂತವರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಗಾಡಿ ಮಾರೋಣ ಎಂದರು. ಯಾಕೆ ಮಾರಬೇಕು ಎಂದೆ ನಾನು. ಮದುವೆಗೆ ಮೊದಲೇ ನನ್ನ ಮಾಮು, ಅಂದರೆ ತಾಯಿಯ ತಮ್ಮ, ತನ್ನ ಗ್ಯಾರೇಜಿನ ಬಯಲಿನಲ್ಲಿ ನನಗೆ ಜೀಪು ಕಲಿಸಿದ್ದರು. ಲೈಸೆನ್ಸ್ ಮಾಡಿಸಿದೆ, ಬ್ಯಾಡ್ಜ್ ಮಾಡಿಸಿದೆ. ನಮ್ಮ ಜಮಾತಿನಲ್ಲಿ ಮಾತಾಡಿದರು, ಗೌಡರ ಕಟ್ಟೆಯಲ್ಲಿ ಮಾತಾಡಿದರು. ಮಾತಾಡಲಿ ಎಂದು ಬಿಟ್ಟೆ.

ಮೊದಲು ತಮ್ಮ ಮೊಮ್ಮಗಳನ್ನು ನನ್ನ ಗಾಡಿಗೆ ಹತ್ತಿಸಿದವರು ಊರಿನ ಗೌಡರೇ. ಅದನ್ನು ಮರೆಯುವಂತಿಲ್ಲ, ಅವರು ಮರೆಯಲು ಬಿಡುವವರೂ ಅಲ್ಲ. ‘ಹೆಣಮಗಳು ಗಾಡಿ ಹೊಡಿತಾಳ ಅಂದ್ರ ನಮ್ಮ ಹುಡುಗಿ ಹೋಗ್ಲಿ ಬಿಡ್ರಿ’ ಎಂದು ಅವರು ಹೇಳಿದ್ದಕ್ಕೇ ಉಳಿದ ಹತ್ತು ಮನೆಯವರೂ ಒಪ್ಪಿದ್ದು. ಅವರು ಬೇಡ ಎಂದರೆ ಆ ಹತ್ತು ಮನೆಯ ಬಾಗಿಲೂ ಮುಚ್ಚುತ್ತವೆ. ಹೀಗಾಗಿ ಹನ್ನೊಂದು ಹುಡುಗಿಯರ ಓದು ನನ್ನ ಗಾಡಿಯ ಮೇಲೆ ನಿಂತಿತ್ತು, ಮತ್ತು ನನ್ನ ಗಾಡಿ ಗೌಡರ ಮರ್ಜಿಯ ಮೇಲೆ ನಿಂತಿತ್ತು.

ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ವರ್ಷದ ಹತ್ತು ತಿಂಗಳು ಇಂಜಿನ್ ತಾನಾಗಿಯೇ ಅರ್ಧ ಕಾದಿರುತ್ತದೆ. ಚಾವಿ ತಿರುಗಿಸಿದರೆ ಸಾಕು, ಡೀಸೆಲ್ ಹೊತ್ತಿಕೊಳ್ಳುತ್ತದೆ. ಅದಕ್ಕೇ ನಮ್ಮ ಡ್ರೈವರುಗಳಲ್ಲಿ ಕಾಯಿಲ್ ಬಗ್ಗೆ ಯೋಚಿಸುವವರು ಯಾರೂ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯ ಚಿತ್ರವಿರುವ ಹಳದಿ ದೀಪವೊಂದು ಬರುತ್ತದೆ, ಹೋಗುತ್ತದೆ. ಅದು ಹೋಗುವ ತನಕ ಕಾಯಬೇಕು ಎಂದು ಹೇಳಿದರೆ ನಗುತ್ತಾರೆ. ಅದೆಲ್ಲ ಹಿಮ ಬೀಳುವ ದೇಶದವರಿಗೆ ಎನ್ನುತ್ತಾರೆ. ಕಾಯಿಲ್ ಎಂದರೆ ಇಂಜಿನ್ನಿನ ನಾಲ್ಕು ಸಿಲಿಂಡರಿಗೆ ಒಂದೊಂದರಂತೆ ಕೂಡಿಸಿದ, ಬೆರಳುದ್ದದ ನಾಲ್ಕು ಕಡ್ಡಿಗಳು. ಚಾವಿ ಹಾಕಿದಾಗ ಬ್ಯಾಟರಿಯ ಕರೆಂಟಿನಿಂದ ಅವುಗಳ ತುದಿ ಕೆಂಪಗಾಗಿ, ತಣ್ಣಗಿನ ಇಂಜಿನ್ನಿನ ಒಳಗೆ ಡೀಸೆಲ್ ಹೊತ್ತಿಕೊಳ್ಳುವಷ್ಟು ಕಾವು ಕೊಡುತ್ತವೆ. ಬೇಸಿಗೆಯಲ್ಲಿ ಅವು ಸತ್ತರೂ ಯಾರಿಗೂ ತಿಳಿಯುವುದಿಲ್ಲ. ಕಬ್ಬು ಕಡಿಯುವ ಚಳಿ ಬಂದಾಗಲೇ ತಿಳಿಯುವುದು.

ನನಗೆ ತಿಳಿದದ್ದು ಒಂದು ಬುಧವಾರ. ನದಿಯ ಕಡೆಯಿಂದ ಬಂದ ಮಂಜು ಹೊಲದ ಮೇಲೆ ಮಲಗಿತ್ತು. ಚಾವಿ ಹಾಕಿದೆ. ಹಳದಿ ದೀಪ ಬಂತು, ನನ್ನ ಲೆಕ್ಕದಲ್ಲಿ ಎಂಟು ಎಣಿಸುವಷ್ಟು ಹೊತ್ತು ಉರಿಯಿತು, ಹೋಯಿತು. ಸ್ಟಾರ್ಟರ್ ಹೊಡೆದೆ. ತಿರುಗಿತು, ತಿರುಗಿತು, ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು, ಇಂಜಿನ್ ಹಿಡಿಯಲಿಲ್ಲ. ಮತ್ತೆ ದೀಪ, ಮತ್ತೆ ಸ್ಟಾರ್ಟರ್. ಒಂದು ಸಿಲಿಂಡರ್ ಮಾತ್ರ ಡುಬುಕ್ ಎಂದು ಹೊಡೆದು ಇಡೀ ಗಾಡಿ ನಡುಗಿ ನಿಂತಿತು. ಐದನೆಯ ಸಲಕ್ಕೆ ಹೇಗೋ ಎಳೆದಾಡಿ ಚಾಲೂ ಆಯಿತು. ಹಸಿ ಡೀಸೆಲಿನ ಆ ಬಿಳಿ ಹೊಗೆಗೆ ಹುಡುಗಿಯರೆಲ್ಲ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದರು. ಶಾಲೆಗೆ ಅರ್ಧ ಗಂಟೆ ತಡವಾಯಿತು.

ಗುರುವಾರ ಅದೂ ಆಗಲಿಲ್ಲ. ಬ್ಯಾಟರಿ ಸೋತು ಸ್ಟಾರ್ಟರ್ ಕುಂಯ್ಗುಟ್ಟಿತು. ನಾನು ಕೆಳಗಿಳಿದು ನೂಕೋಣ ಬನ್ನಿ ಎಂದು ಬೆಂಚಿನ ಕಡೆ ನೋಡಿದೆ. ಆ ಆರೇಳು ಗಂಡಸರಲ್ಲಿ ಒಬ್ಬನೂ ಏಳಲಿಲ್ಲ. ‘ಡ್ರೈವರ್ ಆಗೀಯಂದ ಮ್ಯಾಲ ಎಲ್ಲಾ ಮಾಡ್ಕೋಬೇಕವ್ವಾ’ ಎಂದ ಒಬ್ಬ. ನನಗೆ ಮೈ ಉರಿಯಿತು. ಹುಡುಗಿಯರು ಬ್ಯಾಗುಗಳನ್ನು ಸೀಟಿನ ಮೇಲೆ ಎಸೆದು, ವೇಲನ್ನು ಸೊಂಟಕ್ಕೆ ಬಿಗಿದು, ಹನ್ನೊಂದೂ ಜನ ಹಿಂದೆ ಹೋಗಿ ಕೈಹಚ್ಚಿದರು. ಎರಡನೆಯ ಗೇರಿಗೆ ಹಾಕಿ ಕ್ಲಚ್ ಒತ್ತಿ ಕೂತೆ. ಗುಡಿಯ ಮುಂದಿನ ಇಳಿಜಾರಿನ ತನಕ ನೂಕಿದರು, ಅಲ್ಲಿ ಕ್ಲಚ್ ಬಿಟ್ಟೆ, ಗಾಡಿ ಒದ್ದುಕೊಂಡು ಹೋಗಿ ಹೋಗಿ ಕೊನೆಗೆ ಹಿಡಿಯಿತು. ಹುಡುಗಿಯರು ಹೋ ಎಂದು ಕೂಗಿದರು. ಅಷ್ಟರಲ್ಲಿ ಗೌಡರು ಹೊಲದಿಂದ ಬರುತ್ತಿದ್ದರು.

ಅವರ ಮೊಮ್ಮಗಳು ಹತ್ತನೆಯ ತರಗತಿಯವಳು. ಮುಂಗೈಗೆಲ್ಲ ಮಸಿ ಬಳಿದುಕೊಂಡು, ಏದುಸಿರು ಬಿಡುತ್ತ, ನಗುತ್ತ ನಿಂತಿದ್ದಳು. ಗೌಡರ ಮುಖ ಕಪ್ಪಿಟ್ಟಿತು.

‘ಏನವ್ವಾ ಇದು? ನಮ್ಮ ಮನಿ ಹೆಣಮಕ್ಕಳು ಊರಾಗ ಗಾಡಿ ನೂಕಬೇಕೇನು?’

‘ಗಂಡಸ್ರು ಏಳಲಿಲ್ಲರಿ ಗೌಡ್ರ. ಅದಕ್ಕ ಹೆಣಮಕ್ಕಳು ನೂಕಿದ್ರು’ ಎಂದೆ.

ಬೆಂಚಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. ‘ಗಾಡಿದೇನು ತಪ್ಪಿಲ್ಲವ್ವಾ, ಕೈದು ತಪ್ಪು. ಹೆಂಗಸರ ಕೈಗೆ ಡೀಸೆಲ್ ಇಂಜಿನ್ ಬಗ್ಗಂಗಿಲ್ಲ. ಸೋಮವಾರದ ತನಾ ನೋಡ್ತೇನಿ. ಅವತ್ತ ಮುಂಜಾನಿ ಒಂದs ಸಲಕ್ಕ ಚಾಲೂ ಆಗ್ಬೇಕು. ಆಗ್ಲಿಲ್ಲಂದ್ರ ನಮ್ಮ ಅಳಿಯನ ಗಾಡಿ ಹಚ್ಚತೇನಿ.’

ಅವರ ಅಳಿಯ ಎಂಥ ಡ್ರೈವರ್ ಎಂಬುದು ಊರಿಗೇ ಗೊತ್ತು. ಗಂಡಸು ಓಡಿಸುವ ಆ ಗಾಡಿಯಲ್ಲಿ ನಮ್ಮ ಓಣಿಯ ನಾಲ್ಕು ಹುಡುಗಿಯರನ್ನು ಮನೆಯವರು ಕಳಿಸುವುದಿಲ್ಲ. ದಲಿತ ಕೇರಿಯ ಇಬ್ಬರನ್ನು ಅವನೇ ಹತ್ತಿಸುವುದಿಲ್ಲ. ನಾನು ಸ್ಟೇರಿಂಗ್ ಬಿಟ್ಟರೆ ಅಷ್ಟು ಜನ ಮತ್ತೆ ಮನೆಯಲ್ಲಿ ಕೂರುತ್ತಾರೆ. ಆ ಲೆಕ್ಕ ಗೌಡರಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದರಲ್ಲ ಎಂದು ನನಗೆ ಸಿಟ್ಟು.

ಶುಕ್ರವಾರ ಬೆಳಿಗ್ಗೆಯೂ ಇಳಿಜಾರೇ ಗತಿಯಾಯಿತು. ಹುಡುಗಿಯರನ್ನು ಶಾಲೆಗೆ ಬಿಟ್ಟು ನೇರವಾಗಿ ಅಫಜಲಪುರದ ಮಾಮುವಿನ ಗ್ಯಾರೇಜಿಗೆ ಹೋದೆ. ನಲವತ್ತು ವರ್ಷದ ಗ್ಯಾರೇಜು. ತಾಲ್ಲೂಕಿನ ಅರ್ಧ ಡೀಸೆಲ್ ಗಾಡಿಗಳು ಅವರ ಕೈಯಲ್ಲೇ ಹಾಯ್ದಿವೆ. ಇಂಜಿನ್ನಿನ ಸದ್ದು ಕೇಳಿಯೇ ಏನಾಗಿದೆ ಎಂದು ಹೇಳುತ್ತಾರೆ, ಹೇಳಿದ ಮೇಲೆ ಮಾತು ಬದಲಿಸುವುದಿಲ್ಲ. ಅವರಿಗೆ ನಾನೆಂದರೆ ಪ್ರಾಣ. ಅದೂ ನಿಜ, ಇದೂ ನಿಜ.

ಮಾಮು ಚಾವಿ ಹಾಕಿ ನೋಡಿದರು. ಹಳದಿ ದೀಪ ಬಂತು, ಹೋಯಿತು. ಬಿಸಿ ಇಂಜಿನ್, ಮುಟ್ಟಿದೊಡನೆ ಚಾಲೂ ಆಯಿತು.

‘ಪಂಪ್ ಹೋಗ್ಯಾದ ಬೇಟಾ’ ಎಂದರು. ‘ಪಂಪು, ನಾಝಲ್ ಎಲ್ಲಾ ಬಿಚ್ಚಬೇಕು. ಕಲಬುರಗಿಗೆ ಕಳಸಬೇಕು. ಎಂಟು ದಿನ ಗಾಡಿ ಬಿಡು.’

ಎಂಟು ದಿನ ಬಿಟ್ಟರೆ ಸೋಮವಾರ ಹೋಯಿತು. ನಾನು ಹೇಳಿದೆ: ‘ಮಾಮು, ಪಂಪ್ ಕೆಟ್ಟಿದ್ರ ಬಿಳಿ ಹೊಗಿ ಯಾಕ ಬರ್ತದ? ಡೀಸೆಲ್ ಒಳಗ ಬರಾಕತ್ತದ, ಉರಿಯಾಕತ್ತಿಲ್ಲ. ಮಧ್ಯಾಹ್ನ ಒಂದs ಸಲಕ್ಕ ಹಿಡಿತದ. ಚಳ್ಯಾಗ ಅಷ್ಟs ತ್ರಾಸು. ಇದು ಕಾಯಿಲ್ ಮಾಮು.’

‘ಕಾಯಿಲ್ ಲೈಟ್ ಬಂತಿಲ್ಲೋ?’

‘ಬಂತು.’

‘ಹೋಯ್ತಿಲ್ಲೋ?’

‘ಹೋಯ್ತು.’

‘ಮತ್ತ? ಕಾಯಿಲ್ ಸುಟ್ಟಿದ್ರ ಲೈಟ್ ಹೆಂಗ ಬರ್ತದ? ದಿಮಾಗ್ ಓಡಸು. ನಲವತ್ತು ವರ್ಷ ಆಯ್ತು ನಾ ಇದs ಮಾಡಾಕತ್ತು’ ಎಂದು ಮಾಮು ಸ್ಪ್ಯಾನರನ್ನು ಡಬ್ಬಿಗೆ ಎಸೆದರು. ಅಲ್ಲಿದ್ದ ಗಿರಾಕಿಗಳು ನನ್ನ ಕಡೆ ನೋಡಿ ನಕ್ಕರು. ಉಸ್ತಾದನಿಗೆ ಬುದ್ಧಿ ಹೇಳಲು ಬಂದ ಸೋದರಸೊಸೆ.

ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಕೊರೆಯುತ್ತಿತ್ತು. ಸುಟ್ಟಿದ್ದರೆ ಲೈಟ್ ಹೇಗೆ ಬರುತ್ತದೆ? ಮಾಮು ಸುಳ್ಳು ಹೇಳುವವರಲ್ಲ, ಅವರಿಗೆ ಅದು ಕಣ್ಣಾರೆ ಕಂಡ ಸತ್ಯ. ಎಲ್ಲಿ ಕಂಡರು? ಯೋಚಿಸುತ್ತ ಯೋಚಿಸುತ್ತ ನನಗೆ ತವರೂರು ಆಳಂದದಲ್ಲಿನ ನಮ್ಮ ಅಬ್ಬಾನ, ಅಂದರೆ ಅಪ್ಪನ, ಜೀಪು ನೆನಪಾಯಿತು.

ನಾನು ಆರೇಳು ವರ್ಷದವಳು. ಅಬ್ಬಾ ಬಾಡಿಗೆಗೆ ಓಡಿಸುತ್ತಿದ್ದ ಆ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ತೂತುಗಳಿರುವ ಒಂದು ಸಣ್ಣ ಲೋಹದ ಮುಚ್ಚಳವಿತ್ತು. ಅದರ ಹಿಂದೆ ಇದ್ದದ್ದು ಬಲ್ಬಲ್ಲ, ನಿಜವಾದ ತಂತಿಯ ಸುರುಳಿ. ಚಳಿಗಾಲದಲ್ಲಿ ಅಬ್ಬಾ ಹೀಟರಿನ ಗುಂಡಿ ಎಳೆದು ಹಿಡಿದರೆ ಆ ಸುರುಳಿ ಮೆಲ್ಲಗೆ ಕೆಂಪಗಾಗುತ್ತಿತ್ತು. ನಾನು ಬೆರಳನ್ನು ತೂತಿನ ಹತ್ತಿರ ಒಯ್ದು ಬೈಸಿಕೊಳ್ಳುತ್ತಿದ್ದೆ. ಅದೇ ಜೀಪಿನ ಕೆಳಗೆ ಮಲಗಿ ಮಾಮು ಕೆಲಸ ಕಲಿತದ್ದು. ಆ ಜೀಪಿನಲ್ಲಿ ಇಂಜಿನ್ನಿನ ನಾಲ್ಕು ಕಾಯಿಲುಗಳೂ ಈ ಸುರುಳಿಯೂ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಪೋಣಿಸಿದ್ದವು. ಒಂದು ಸುಟ್ಟರೂ ಇಡೀ ಸರ ಕಡಿದು ಮುಂದಿನ ಸುರುಳಿ ಕೆಂಪಗಾಗುತ್ತಿರಲಿಲ್ಲ. ಅದು ಕೆಂಪಗಾಯಿತು ಎಂದರೆ ಒಳಗೆ ಎಲ್ಲವೂ ಸರಿ. ಮಾಮು ಕಲಿತದ್ದು ಆ ಪಾಠ, ಮತ್ತು ಆ ಜೀಪಿನ ಮಟ್ಟಿಗೆ ಅದು ನೂರಕ್ಕೆ ನೂರು ಸರಿ.

ಆದರೆ ನನ್ನ ಗಾಡಿ ಆ ಜೀಪಲ್ಲವಲ್ಲ!

ಆ ಸಂಜೆ ಬೆಳಕಿರುವಾಗಲೇ ಬಾನೆಟ್ ಎತ್ತಿದೆ. ನಾಲ್ಕೂ ಕಾಯಿಲುಗಳ ತಲೆಯ ಮೇಲೆ ಒಂದು ಲೋಹದ ಪಟ್ಟಿ, ಆ ಪಟ್ಟಿಗೆ ಕರೆಂಟು ತರುವ ಒಂದು ದಪ್ಪ ತಂತಿ. ಅಂದರೆ ಇಲ್ಲಿ ಪ್ರತಿ ಕಾಯಿಲಿಗೂ ಕರೆಂಟು ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಸತ್ತರೆ ಉಳಿದವಕ್ಕೆ ಗೊತ್ತಾಗುವುದಿಲ್ಲ. ಗಂಡನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಆ ದಪ್ಪ ತಂತಿಯನ್ನೇ ಬಿಚ್ಚಿ, ತುದಿಗೆ ಟೇಪು ಸುತ್ತಿ, ಯಾವುದಕ್ಕೂ ತಾಗದಂತೆ ಪಕ್ಕಕ್ಕೆ ಇಟ್ಟೆ. ಈಗ ಒಂದು ಕಾಯಿಲಿಗೂ ಕರೆಂಟು ಹೋಗುವ ದಾರಿಯೇ ಇಲ್ಲ.

‘ಚಾವಿ ಹಾಕ್ರಿ’ ಎಂದೆ.

‘ಹಾಕ್ದೆ.’

‘ಏನರ ಕಾಣ್ತದೇನು?’

ಅವರು ಮುಖವನ್ನು ಡ್ಯಾಶ್‌ಬೋರ್ಡಿಗೆ ತಾಗಿಸುವಷ್ಟು ಬಗ್ಗಿಸಿದರು. ‘ಹಳದಿ ಕಾಣಾಕತ್ತದ... ಇನ್ನಾ ಅದ... ಹಾಂ, ಹೋಯ್ತು ನೋಡು.’

ನಾನು ಬಾನೆಟ್ಟಿನ ಕೆಳಗೆ ನಿಂತು ಜೋರಾಗಿ ನಕ್ಕುಬಿಟ್ಟೆ. ಕಾಯಿಲಿಗೆ ತಂತಿಯೇ ಇಲ್ಲ, ದೀಪ ಮಾತ್ರ ಠೀವಿಯಿಂದ ಬಂದು ಹೋಗಿದೆ. ಟೈಮರಿನ ಡಬ್ಬಿ ಚಳಿ ಎಷ್ಟಿದೆ ಎಂದು ನೋಡಿ ಇಷ್ಟು ಹೊತ್ತು ಕಾಯಿರಿ ಎಂದು ದೀಪ ಹಚ್ಚುತ್ತದೆ, ಹೊತ್ತಾದ ಮೇಲೆ ಆರಿಸುತ್ತದೆ. ಒಳಗೆ ಕಾದಿದೆಯೋ ಇಲ್ಲವೋ ಎಂಬುದು ನನ್ನ ಗಾಡಿಯ ದೀಪಕ್ಕೆ ಗೊತ್ತೇ ಇಲ್ಲ. ಈ ಬಲ್ಬನ್ನು ನಂಬಿ ನನ್ನನ್ನು ನಾಲ್ಕು ಜನರ ಮುಂದೆ ಬೈದರಲ್ಲ ಮಾಮು!

ಆಮೇಲೆ ಪಟ್ಟಿಯನ್ನೂ ಬಿಚ್ಚಿದೆ. ಒಂದು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿ, ಒಂದನ್ನು ಬ್ಯಾಟರಿಯ ಪ್ಲಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಒಂದೊಂದೇ ಕಾಯಿಲಿನ ತಲೆಗೆ ಮುಟ್ಟಿಸಿದೆ. ಕಾಯಿಲ್ ಜೀವಂತವಿದ್ದರೆ ಕರೆಂಟು ಅದರೊಳಗೆ ಹಾಯ್ದು ಇಂಜಿನ್ನಿನ ಮೈಗೆ ಇಳಿಯುತ್ತದೆ, ಬಲ್ಬು ಹತ್ತುತ್ತದೆ. ಮೊದಲನೆಯದಕ್ಕೆ ಹತ್ತಲಿಲ್ಲ. ಎರಡನೆಯದಕ್ಕೆ ಹತ್ತಿತು. ಮೂರು, ನಾಲ್ಕು, ಕತ್ತಲು. ನಾಲ್ಕರಲ್ಲಿ ಮೂರು ಸತ್ತಿದ್ದವು. ಬೆಳಿಗ್ಗೆ ಡುಬುಕ್ ಎನ್ನುತ್ತಿದ್ದ ಒಂದೇ ಸಿಲಿಂಡರ್ ಯಾವುದು ಎಂದು ಈಗ ಗೊತ್ತಾಯಿತು.

ಶನಿವಾರ ಅರ್ಧ ದಿನದ ಶಾಲೆ, ಬೆಳಿಗ್ಗೆ ಮತ್ತೆ ಇಳಿಜಾರೇ ಗತಿ. ಮಧ್ಯಾಹ್ನ ಹುಡುಗಿಯರನ್ನು ಗಾಡಿಯಲ್ಲೇ ಕೂರಿಸಿ ಅಫಜಲಪುರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ನಮ್ಮ ಕಡೆ ಒಂದು ಪದ್ಧತಿ ಇದೆ. ಗಾಡಿಯವರು ಬಂದು ಸಾಮಾನು ಕೇಳಿದರೆ ಅಂಗಡಿಯವರು ಹಾಗೇ ಕೊಡುವುದಿಲ್ಲ. ಮಿಸ್ತ್ರಿ, ಅಂದರೆ ಗಾಡಿ ರಿಪೇರಿ ಮಾಡುವವನು, ಯಾರು ಎಂದು ಕೇಳುತ್ತಾರೆ, ಮಿಸ್ತ್ರಿಗೆ ಫೋನ್ ಹಚ್ಚುತ್ತಾರೆ, ಅವನು ಹೂಂ ಎಂದ ಮೇಲೆಯೇ ಡಬ್ಬಿ ಕಪಾಟಿನಿಂದ ಇಳಿಯುತ್ತದೆ. ತಪ್ಪು ಸಾಮಾನು ಹೋಗಿ ವಾಪಸ್ ಬರಬಾರದು ಎಂದು ಮಾಡಿಕೊಂಡದ್ದು. ಅಂಗಡಿಯವರು ನನ್ನೆದುರಿಗೇ ಮಾಮುವಿಗೆ ಫೋನ್ ಹಚ್ಚಿದರು. ಮಾಮುವಿನ ದನಿ ನನಗೂ ಕೇಳಿಸಿತು.

‘ಕೊಡಬ್ಯಾಡ್ರಿ. ಅಕಿಗೆ ಕಾಯಿಲ್ ಹುಚ್ಚು ಹಿಡದಾದ. ಪಂಪ್ ಕೆಲಸ ಅದ ಆ ಗಾಡಿದು.’

ಅಂಗಡಿಯವರು ಫೋನ್ ಇಟ್ಟು ಕೈ ಮುಗಿದಂತೆ ಮಾಡಿದರು. ಎಲ್ಲರಂತೆ ಅವರೂ ನನ್ನನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾರೆ. ‘ನಿಮ್ಮ ಮಾಮೂನs ಬ್ಯಾಡ ಅಂತಾರ ಆಪಾ. ಅವ್ರ ಮಾತು ಮೀರಿ ನಾ ಕೊಡಂಗಿಲ್ರಿ.’

‘ಗಾಡಿ ನಂದು. ಸಾಮಾನು ನನಗ ಬೇಕು.’

‘ಮಿಸ್ತ್ರಿ ಹೂಂ ಅನ್ಲಿ, ಈಗs ಕೊಡ್ತೇನಿ’ ಎಂದರು. ಕಾಯಿಲಿನ ಡಬ್ಬಿಗಳು ಅವರ ತಲೆಯ ಹಿಂದೆಯೇ ಸಾಲಾಗಿ ಕಾಣುತ್ತಿದ್ದವು.

ಮೆಟ್ಟಿಲಿಳಿದು ಬಂದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಹುಡುಗಿಯರು ನೋಡಿದರು. ಗೌಡರ ಮೊಮ್ಮಗಳು ಏನಾಯಿತು ಎಂದು ಕೇಳಿದಳು. ಹೇಳಿದೆ. ಎಲ್ಲವನ್ನೂ ಹೇಳಿದೆ, ದೀಪದ ಸುಳ್ಳನ್ನೂ ಬಲ್ಬಿನ ಪರೀಕ್ಷೆಯನ್ನೂ ಗೌಡರ ಸೋಮವಾರವನ್ನೂ. ಅವಳು, ‘ಆಪಾ, ಅಂಗಡಿ ಇದೊಂದs ಏನ್ರಿ?’ ಎಂದಳು.

ಹೌದಲ್ಲ! ಅಂಗಡಿ ಇದೊಂದೇ ಅಲ್ಲ. ಹುಡುಗಿಯರನ್ನು ಊರಿಗೆ ಬಿಟ್ಟು, ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಸತ್ತ ಕಾಯಿಲಿನ ತಲೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಬಸ್ಸಿಗೆ ಹೋದೆ. ಕಂಡಕ್ಟರಿಗೆ ಆಧಾರ್ ತೋರಿಸಿ ಮುಂದಿನ ಸೀಟಿನಲ್ಲಿ ಕೂತು ಆಳಂದಕ್ಕೆ ಹೋದೆ. ಅಲ್ಲಿ ನನ್ನನ್ನು ಗುರುತಿಸುವವರು ಇನ್ನೂ ಇದ್ದರು, ನನ್ನ ಮಿಸ್ತ್ರಿ ಯಾರೆಂದು ಗೊತ್ತಿರುವವರು ಇರಲಿಲ್ಲ. ಅಂಗಡಿಯವನು ಪದ್ಧತಿಯಂತೆ ಕೇಳಿದ: ‘ಮಿಸ್ತ್ರಿ ಯಾರ್ರಿ?’

‘ನಾನs’ ಎಂದೆ.

ಅವನು ತಲೆಯೆತ್ತಿ ನನ್ನ ಬುರ್ಖಾ ನೋಡಿದ, ಉಗುರಿನ ಸಂದಿಯ ಗ್ರೀಸು ನೋಡಿದ. ಗ್ರೀಸು ನೋಡಿದ ಮೇಲೆ ಏನೂ ಕೇಳಲಿಲ್ಲ. ಗಾಡಿಯ ಮಾಡೆಲ್ ಕೇಳಿ, ಹನ್ನೆರಡು ವೋಲ್ಟಿನವು ಹೌದೋ ಅಲ್ಲವೋ ಡಬ್ಬಿಯ ಮೇಲೆ ಓದಿ, ನಾಲ್ಕು ಕಾಯಿಲ್ ಕೊಟ್ಟ. ಅಷ್ಟು ಸಲೀಸಾಗಿ ಆದದ್ದಕ್ಕೆ ನನಗೇ ನಂಬಿಕೆ ಬರಲಿಲ್ಲ. ಬಸ್ಸಿನಲ್ಲಿ ಎರಡು ಸಲ ಬ್ಯಾಗು ತೆರೆದು ನೋಡಿದೆ.

ಭಾನುವಾರದ ಕೆಲಸದಲ್ಲಿ ಒಂದು ಹೆದರಿಕೆ ಇತ್ತು. ವರ್ಷಗಟ್ಟಲೆ ಬಿಚ್ಚದ ಕಾಯಿಲುಗಳು ಇಂಜಿನ್ನಿನ ತಲೆಗೆ ಹಿಡಿದುಕೊಂಡಿರುತ್ತವೆ. ಜೋರು ಮಾಡಿದರೆ ಕಡ್ಡಿ ಮುರಿದು ತುದಿ ಒಳಗೇ ಉಳಿಯುತ್ತದೆ, ಆಮೇಲೆ ಹೆಡ್ ಬಿಚ್ಚದೆ ಗತಿಯಿಲ್ಲ. ಹಾಗಾದರೆ ಎಂಟು ದಿನವಲ್ಲ, ಹದಿನೈದು ದಿನ. ಬಿಸಿಲೇರಿದ ಮೇಲೆ ಗಾಡಿ ಚಾಲೂ ಮಾಡಿ ಇಂಜಿನ್ ಚೆನ್ನಾಗಿ ಕಾಯಲು ಬಿಟ್ಟೆ. ಆರಿಸಿ, ಕಾಯಿಲುಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹನಿಸಿ, ಚಹಾ ಕುಡಿದು ಬಂದೆ. ಮೂರು ಸುಮ್ಮನೆ ಬಂದವು. ನಾಲ್ಕನೆಯದು ಅಲುಗಲಿಲ್ಲ. ಸ್ಪ್ಯಾನರಿನ ಮೇಲೆ ಭಾರ ಹಾಕುವ ಆಸೆಯನ್ನು ಹಲ್ಲು ಕಚ್ಚಿ ತಡೆದುಕೊಂಡೆ. ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ, ಮತ್ತೆ ಎಣ್ಣೆ. ಗಂಡ ಪಕ್ಕದಲ್ಲಿ ನಿಂತು ಕಿವಿಗೊಟ್ಟಿದ್ದರು. ‘ಕಿರ್ ಅಂತು, ನಿಲ್ಲು’ ಎನ್ನುತ್ತಿದ್ದರು, ‘ಈಗ ತಿರುವು’ ಎನ್ನುತ್ತಿದ್ದರು. ಒಂದು ಗಂಟೆ ಹಿಡಿಯಿತು. ಕೊನೆಗೆ ಇಡಿಯಾಗಿ ಕೈಗೆ ಬಂದಾಗ ನನ್ನ ಬೆನ್ನು ಬೆವೆತು ತೊಯ್ದಿತ್ತು.

ಹೊಸದನ್ನು ಕೂಡಿಸುವ ಮೊದಲು ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು ಬ್ಯಾಟರಿಗೆ ತಾಗಿಸಿ ನೋಡಿದೆ. ಕೆಲವೇ ಕ್ಷಣದಲ್ಲಿ ತುದಿ ಕೆಂಪಗಾಯಿತು. ಗಂಡನಿಗೆ ಅದು ಕಾಣಲಿಲ್ಲ. ಅಂಗೈಯನ್ನು ಒಂದು ಗೇಣು ದೂರ ಹಿಡಿದು, ‘ಕಾವು ಬಂತು’ ಎಂದರು. ಹಳೆಯ ಮೂರನ್ನೂ ಹಾಗೇ ತಾಗಿಸಿದೆ. ಅಂಗೈ ಹಿಡಿದು ನಿಂತೇ ನಿಂತರು. ‘ಇವು ಸತ್ತಾವ’ ಎಂದರು. ಆ ಮನುಷ್ಯನ ಮೇಲೆ ನನಗೆ ಆಗ ಉಕ್ಕಿದ ಪ್ರೀತಿಯನ್ನು ಬರೆಯಲು ಸಂಕೋಚವಿಲ್ಲ. ನನ್ನ ಮಾತನ್ನು ಪರೀಕ್ಷೆ ಮಾಡಿ ನೋಡಿ ಒಪ್ಪಿದವರು ಅವರೊಬ್ಬರೇ.

ಸೋಮವಾರ ಆ ವರ್ಷದ ಕೆಟ್ಟ ಚಳಿ. ಬಾನೆಟ್ಟಿನ ಮೇಲೆ ಇಬ್ಬನಿ ಹನಿಹನಿಯಾಗಿ ನಿಂತಿತ್ತು. ಬೆಂಚು ತುಂಬಿತ್ತು, ಬೆಂಚಿನ ಹಿಂದೆಯೂ ಜನ. ಗೌಡರು ಶಾಲು ಹೊದ್ದು ಬಂದರು. ಅವರ ಅಳಿಯ ತನ್ನ ಗಾಡಿಯನ್ನು ಚಾಲೂ ಇಟ್ಟುಕೊಂಡೇ ಪಕ್ಕದಲ್ಲಿ ನಿಲ್ಲಿಸಿದ್ದ. ಮಾಮು ಕೂಡ ಬೈಕಿನಲ್ಲಿ ಬಂದಿಳಿದರು. ಗೌಡರೇ ಕರೆಸಿದ್ದರಂತೆ, ಬಲ್ಲವರೊಬ್ಬರು ಎದುರಿಗಿರಲಿ ಎಂದು. ಮಾಮು ನನ್ನ ಮುಖ ನೋಡಲಿಲ್ಲ. ಕಿಟಕಿಯಿಂದ ಡ್ಯಾಶ್‌ಬೋರ್ಡಿನ ಕಡೆ ಮಾತ್ರ ನೋಡಿದರು.

ನಾನು ಡ್ರೈವರ್ ಸೀಟಿಗೆ ಏರಲಿಲ್ಲ. ಹಾಗೆ ಮಾಡಬೇಕೆಂದು ನಾನೇನೂ ಮೊದಲೇ ಯೋಚಿಸಿರಲಿಲ್ಲ. ಹೆಂಗಸರ ಕೈಗೆ ಬಗ್ಗುವುದಿಲ್ಲ ಎಂಬ ಮಾತು ಆ ಕ್ಷಣಕ್ಕೆ ನೆನಪಾಯಿತು. ಹ್ಯಾಂಡ್ ಬ್ರೇಕ್ ಎಳೆದಿದೆಯೇ, ಗಾಡಿ ನ್ಯೂಟ್ರಲ್ಲಿನಲ್ಲಿ ಇದೆಯೇ ಎಂದು ಬಗ್ಗಿ ನೋಡಿ, ಚಾವಿಯನ್ನು ಗೌಡರ ಮೊಮ್ಮಗಳ ಕೈಗಿಟ್ಟೆ.

‘ನೀ ಹತ್ತು.’

‘ನಾನೇನ್ರಿ ಆಪಾ?’

‘ಹೂಂ. ಲೈಟ್ ಬರ್ತದ. ಹೋಗೂ ತನಾ ಕಾಯಿ. ಹೋದ ಮ್ಯಾಲ ಚಾವಿ ಪೂರಾ ತಿರುವು. ಯಾರು ಏನಂದ್ರೂ ಅವಸರ ಮಾಡಬ್ಯಾಡ.’

‘ಏನ್ ಹುಡುಗಾಟ ಇದು’ ಎಂದು ಗೌಡರು ಮುಂದೆ ಬಂದರು. ‘ಒಂದs ಸಲ ಅಂದೇನಿ ನಾನು.’

‘ಒಂದs ಸಲಾನs ರಿ. ಕೈದು ತಪ್ಪು ಅಂದ್ರೆಲ್ಲ, ನಿಮ್ಮ ಮನಿ ಕೈನs ಇರ್ಲಿ.’

ಹುಡುಗಿ ಏರಿ ಕೂತಳು. ಚಾವಿ ಹಾಕಿದಳು. ಹಳದಿ ದೀಪ ಬಂತು, ಬುಧವಾರ ಬಂದ ಹಾಗೆಯೇ, ಗುರುವಾರ ಬಂದ ಹಾಗೆಯೇ, ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ. ‘ಅದs ಲೈಟ್’ ಎಂದರು ಮಾಮು ಮೆಲ್ಲಗೆ. ಬೆಂಚಿನವರು ಹೊಡಿ, ಹೊಡಿ ಎಂದು ಕೂಗತೊಡಗಿದರು. ಅಳಿಯ ಹಾರ್ನ್ ಒತ್ತಿದ. ಹುಡುಗಿಯ ಕತ್ತಿನ ನರ ಬಿಗಿದದ್ದು ನನಗೆ ಕಾಣುತ್ತಿತ್ತು. ಅವಳು ಯಾರ ಕಡೆಯೂ ನೋಡದೆ ದೀಪವನ್ನೇ ನೋಡುತ್ತ ಕೂತಳು. ಮೂರು ಕಾಯಿಲ್ ಸತ್ತಿದ್ದವು ಎಂದು ನನಗೆ ಗೊತ್ತು, ಹೊಸವು ಕಾಯುತ್ತವೆ ಎಂದೂ ಗೊತ್ತು, ಆದರೂ ನನಗೆ ಹೆದರಿಕೆಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ದೀಪ ಹೋಯಿತು. ಚಾವಿ ತಿರುಗಿತು. ಸ್ಟಾರ್ಟರ್ ಎರಡು ಸುತ್ತು ತಿರುಗಿರಬಹುದು, ಇಂಜಿನ್ ಹಿಡಿಯಿತು. ನಡುಕವಿಲ್ಲ, ಬಿಳಿ ಹೊಗೆಯಿಲ್ಲ. ನಾಲ್ಕೂ ಸಿಲಿಂಡರಿನ ಸಮನಾದ ಸದ್ದು.

ಹತ್ತು ಹುಡುಗಿಯರು ಗಾಡಿಯ ಮೈಗೆ ಅಂಗೈ ಬಡಿದು ಎಬ್ಬಿಸಿದ ಗದ್ದಲಕ್ಕೆ ಗುಡಿಯ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಗೌಡರು ಮೊಮ್ಮಗಳನ್ನು ನೋಡಿದರು, ನನ್ನನ್ನು ನೋಡಿದರು. ‘ಇವತ್ತ ಆಯ್ತು. ನಾಳಿ?’ ಎಂದರು.

‘ನಾಳೀನೂ ಬರ್ರಿ ಗೌಡ್ರ. ದಿನಾ ಬರ್ರಿ. ಬರಾಗ ಬೆಂಚಿನವರ್ನೂ ಎಬ್ಬಿಸ್ಕೊಂಡು ಬರ್ರಿ’ ಎಂದೆ. ಅವರ ಮೀಸೆ ಸ್ವಲ್ಪ ಅಲುಗಿತು. ನಕ್ಕರೋ ಸಿಟ್ಟಾದರೋ ನನಗೆ ಇವತ್ತಿಗೂ ತಿಳಿದಿಲ್ಲ. ಅಳಿಯನಿಗೆ ಗಾಡಿ ತೆಗೆ ಎಂದು ಕೈಸನ್ನೆ ಮಾಡಿದ್ದನ್ನು ಮಾತ್ರ ನೋಡಿದೆ.

ಮಾಮು ಬೈಕಿನ ಹತ್ತಿರ ನಿಂತಿದ್ದರು. ಬುರ್ಖಾದ ಜೇಬಿನಿಂದ ಮೂರು ಸುಟ್ಟ ಕಾಯಿಲ್ ತೆಗೆದು ಅವರ ಕೈಗಿಟ್ಟೆ. ‘ಅಬ್ಬಾನ ಜೀಪಿನ ಸುರುಳಿ ಖರೇ ಹೇಳ್ತಿತ್ತು ಮಾಮು. ಈ ಬಲ್ಬ್ ಹೇಳಂಗಿಲ್ಲ. ನೀವs ನೋಡ್ರಿ’ ಎಂದೆ. ಮಾಮು ಒಂದೊಂದರ ತುದಿಯನ್ನೂ ಹೆಬ್ಬೆರಳಿನಿಂದ ಸವರಿ, ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಕ್ಷಮೆ ಕೇಳಲಿ ಎಂದು ನಾನು ಕಾಯಲಿಲ್ಲ. ಹುಡುಗಿಯರಿಗೆ ಹೊತ್ತಾಗುತ್ತಿತ್ತು.

ಹತ್ತು ಹನ್ನೆರಡು ದಿನ ಅವರಿಂದ ಫೋನಿಲ್ಲ. ನಾನೂ ಮಾಡಲಿಲ್ಲ. ಗಾಡಿ ದಿನವೂ ಒಂದೇ ಸಲಕ್ಕೆ ಹಿಡಿಯುತ್ತಿತ್ತು, ಬೆಂಚು ಮೆಲ್ಲಗೆ ಖಾಲಿಯಾಗುತ್ತ ಬಂತು. ಒಂದು ಮಧ್ಯಾಹ್ನ ಶಾಲೆಯ ಗೇಟಿನ ಎದುರು ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದಾಗ ಫೋನ್ ಬಂತು. ಅಫಜಲಪುರದ ಅದೇ ಸ್ಪೇರ್ ಪಾರ್ಟ್ಸ್ ಅಂಗಡಿಯವರು.

‘ಆಪಾ, ಇಲ್ಲೊಬ್ರು ಜೇವರ್ಗಿ ಕಡಿಯವ್ರು ಬಂದಾರ. ಇಜೇರಿಯವ್ರಂತ. ಮುಂಜಾನಿ ಗಾಡಿ ಚಾಲೂ ಆಗವಲ್ದಂತ, ಕಾಯಿಲ್ ಬೇಕು ಅನ್ನಾಕತ್ತಾರ. ನಿಮ್ಮ ಮಾಮೂಗ ಫೋನ್ ಹಚ್ಚಿದ್ನಿರಿ.’

‘ಏನಂದ್ರು?’

‘ಕಾಯಿಲ್ ವಿಷಯ ಇದ್ರ ನನಗ ಕೇಳಬ್ಯಾಡ, ಅಕಿಗೆ ಕೇಳು ಅಂದ್ರು. ಮತ್ತ ಕೊಡ್ಲೇನ್ರಿ?’

ನಾನು ಸೀಟಿನ ಮೇಲೆ ನೆಟ್ಟಗೆ ಕೂತೆ.

‘ಕೊಡಬ್ಯಾಡ್ರಿ’ ಎಂದೆ. ‘ಮೊದಲು ಒಂದೊಂದs ಕಾಯಿಲಿಗೆ ಬಲ್ಬ್ ಹಚ್ಚಿ ನೋಡ್ಯಾರೇನು ಕೇಳ್ರಿ.’